ಕಟ್‌ಔಟ್ ಭಾವಚಿತ್ರದಲ್ಲಿ ಕೂದಲಿನ ಅಂಚು: ಮ್ಯಾಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರದ ಕಡೆ ಮದುವೆಯ ಆಮಂತ್ರಣ ಪತ್ರಿಕೆಗೂ ಸ್ವಾಗತದ ಬ್ಯಾನರಿಗೂ ವಧೂವರರ ಫೋಟೊವನ್ನು ಬಣ್ಣದ ಚಿತ್ರದಂತೆ ಮಾರ್ಪಡಿಸಿ, ಅದನ್ನು ಕಡಲತೀರದ ಅಥವಾ ದೇವಸ್ಥಾನದ ಹಿನ್ನೆಲೆಯ ಮೇಲೆ ಕೂರಿಸಿಕೊಡುವ ಕೆಲಸ ಈಗ ಬಹಳಷ್ಟು ಬರುತ್ತದೆ. ಈ ಕೆಲಸ ಮಾಡುವವರು ಹೆಚ್ಚಾಗಿ ಸಿಕ್ಕಿಬೀಳುವುದು ಕೂದಲಿನ ಅಂಚಿನಲ್ಲಿ. ಕೆಳಗಿನ ಉತ್ತರಗಳಲ್ಲಿ ಆದಷ್ಟು ಒಂದೇ ಉದಾಹರಣೆಯನ್ನು ಬಳಸಲಾಗಿದೆ: ಶಿರಸಿ ಕಡೆಯ ಅಡಿಕೆ ತೋಟದಲ್ಲಿ ನಿಲ್ಲಿಸಿ ತೆಗೆದ, ಗುಂಗುರು ಕೂದಲಿನ ವಧುವಿನ ಫೋಟೊ; ಅದು ಚಪ್ಪಟೆ ಬಣ್ಣಗಳ ಚಿತ್ರವಾಗಿ ಕಾರವಾರದ ಸಂಜೆಯ ಕಡಲಿನ ಮುಂದೆ ನಿಲ್ಲಬೇಕು.

ಮುಖ, ಸೀರೆ, ಕೈ ಎಲ್ಲವೂ ಅಚ್ಚುಕಟ್ಟಾಗಿ ಕತ್ತರಿಸಿ ಬರುತ್ತವೆ. ಕೂದಲು ಮಾತ್ರ ಏಕೆ ಕೆಡುತ್ತದೆ?

ಒಂದು ಸಣ್ಣ ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಗದ್ದದಿಂದ ನೆತ್ತಿಯವರೆಗೆ, ಕೂದಲೂ ಸೇರಿ, ತಲೆ ಸುಮಾರು 24 ಸೆಂಟಿಮೀಟರ್ ಎತ್ತರವಿದೆ ಎಂದುಕೊಳ್ಳೋಣ. ಫೋಟೊದಲ್ಲಿ ಆ ತಲೆ 1200 ಪಿಕ್ಸೆಲ್ ಎತ್ತರಕ್ಕೆ ಬಂದಿದ್ದರೆ ಒಂದು ಪಿಕ್ಸೆಲ್ ಎಂದರೆ 0.2 ಮಿಲಿಮೀಟರ್. ಮನುಷ್ಯನ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 0.07 ಮಿಲಿಮೀಟರ್. ಅಂದರೆ ಬಿಡಿಯಾಗಿ ಹಾರುವ ಒಂದು ಕೂದಲು ತಾನು ಹಾಯುವ ಪಿಕ್ಸೆಲಿನ ಮೂರನೆಯ ಒಂದು ಭಾಗವನ್ನಷ್ಟೇ ಮುಚ್ಚುತ್ತದೆ. ಉಳಿದ ಎರಡು ಭಾಗದಲ್ಲಿ ಹಿಂದಿನ ಅಡಿಕೆ ಸೋಗೆಯ ಹಸಿರೇ ಇರುತ್ತದೆ. ಕ್ಯಾಮೆರಾ ಈ ಎರಡನ್ನೂ ಸೇರಿಸಿ ಒಂದೇ ಬಣ್ಣವಾಗಿ ಬರೆದಿಡುತ್ತದೆ.

ಸೀರೆಯ ಅಂಚಿನಲ್ಲಿಯೂ ಇಂಥ ಮಿಶ್ರ ಪಿಕ್ಸೆಲ್‌ಗಳು ಇರುತ್ತವೆ. ಆದರೆ ಅಲ್ಲಿ ಅವು ಒಂದೆರಡು ಪಿಕ್ಸೆಲ್ ಅಗಲದ ಗೆರೆಯಷ್ಟೇ ಆಗಿರುವುದರಿಂದ ಕತ್ತರಿಸಿ ಎಸೆದರೂ ಕಣ್ಣಿಗೆ ತಿಳಿಯುವುದಿಲ್ಲ. ಗುಂಗುರು ಕೂದಲಿನಲ್ಲಿ ಇದೇ ಮಿಶ್ರಣ ನೂರು ಪಿಕ್ಸೆಲ್ ಅಗಲಕ್ಕೂ ಹರಡಿಕೊಂಡಿರುತ್ತದೆ. ಅಲ್ಲಿ ಪೂರ್ತಿ ಕೂದಲು ಎನ್ನಬಹುದಾದ ಪಿಕ್ಸೆಲ್ ಸಿಗುವುದೇ ಅಪರೂಪ. ಆದ್ದರಿಂದ ‘ಇದು ಒಳಗೆ, ಇದು ಹೊರಗೆ’ ಎಂದು ಗೆರೆ ಎಳೆಯುವ ಯಾವ ಉಪಕರಣಕ್ಕೂ, ಎಷ್ಟೇ ತಾಳ್ಮೆಯಿಂದ ಬಳಸಿದರೂ, ಅಲ್ಲಿ ಸರಿಯಾದ ಉತ್ತರ ದೊರೆಯುವುದಿಲ್ಲ.

ಮಾಸ್ಕ್ ಮಾಡುವುದಕ್ಕೂ ಮ್ಯಾಟಿಂಗ್‌ಗೂ ಏನು ವ್ಯತ್ಯಾಸ? ಅಂಚನ್ನು ಸ್ವಲ್ಪ ಮಸುಕು ಮಾಡಿದರೆ ಸಾಲದೇ?

ಸಾಮಾನ್ಯ ಮಾಸ್ಕ್ ಪ್ರತಿ ಪಿಕ್ಸೆಲ್‌ಗೂ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ ಕೊಡುತ್ತದೆ. ಮ್ಯಾಟಿಂಗ್ ಕೇಳುವ ಪ್ರಶ್ನೆ ಬೇರೆ: ಈ ಪಿಕ್ಸೆಲ್‌ನಲ್ಲಿ ವ್ಯಕ್ತಿಯ ಪಾಲು ಎಷ್ಟು? ಆ ಪಾಲನ್ನು ಆಲ್ಫಾ ಎನ್ನುತ್ತಾರೆ. ಅದು 0 ಮತ್ತು 1ರ ನಡುವೆ ಎಲ್ಲಿಯಾದರೂ ಇರಬಹುದು. ಕಾಣುವ ಬಣ್ಣ C, ಕೂದಲಿನ ನಿಜವಾದ ಬಣ್ಣ F, ಹಿನ್ನೆಲೆಯ ಬಣ್ಣ B ಎಂದಾದರೆ ಸೂತ್ರ ಹೀಗಿದೆ:

```
C = αF + (1 − α)B
```

ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಈ ಲೆಕ್ಕಕ್ಕೆ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ವ್ಯವಸ್ಥಿತ ರೂಪ ಕೊಟ್ಟರು. ಕೂರಿಸುವುದು ಸುಲಭ, ಬಿಡಿಸುವುದು ಕಷ್ಟ. ನಮ್ಮ ಕೈಯಲ್ಲಿರುವುದು C ಒಂದೇ, ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು. ಕಂಡುಹಿಡಿಯಬೇಕಾದದ್ದು F ನ ಮೂರು, B ಯ ಮೂರು ಮತ್ತು ಆಲ್ಫಾ, ಒಟ್ಟು ಏಳು. ಹೊರಗಿನಿಂದ ಏನಾದರೂ ಸುಳಿವು ಕೊಡದೆ ಈ ಲೆಕ್ಕ ಬಿಡಿಸಲು ಬರುವುದಿಲ್ಲ.

ಅಂಚನ್ನು ಮಸುಕು ಮಾಡುವುದರಿಂದ ಸಿಗುವುದು ಕೂದಲಿನ ಪಾಲಲ್ಲ, ನಾವು ಎಳೆದ ಗೆರೆಯಿಂದ ಪಿಕ್ಸೆಲ್ ಎಷ್ಟು ದೂರದಲ್ಲಿದೆ ಎಂಬುದು. ಎರಡು ಎಳೆಗಳ ನಡುವಿನ ಖಾಲಿ ಜಾಗವೂ ಎಳೆಯೂ ಒಂದೇ ಪ್ರಮಾಣದಲ್ಲಿ ಮಸುಕಾಗಿ ತಲೆಯ ಸುತ್ತ ಹೊಗೆ ಕವಿದಂತೆ ಕಾಣುತ್ತದೆ.

ಆಲ್ಫಾ ಸರಿಯಾಗಿಯೇ ಬಂದಿದೆ. ಆದರೂ ಹೊಸ ಹಿನ್ನೆಲೆಯ ಮೇಲೆ ಕೂದಲಿನ ಸುತ್ತ ಹಸಿರು ಛಾಯೆ ಉಳಿದಿದೆ. ಏಕೆ?

ಆಲ್ಫಾ ಸಿಕ್ಕಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡಿದ್ದರಿಂದ. ಆಲ್ಫಾ ಪಾಲನ್ನು ಮಾತ್ರ ಹೇಳುತ್ತದೆ. ಪಿಕ್ಸೆಲ್‌ನ ಬಣ್ಣದಲ್ಲಿ ಹಳೆಯ ಹಿನ್ನೆಲೆ ಹಾಲಿಗೆ ನೀರು ಬೆರೆತಂತೆ ಬೆರೆತೇ ಇರುತ್ತದೆ. ಅದನ್ನು ಬೇರೆಯಾಗಿಯೇ ತೆಗೆಯಬೇಕು.

ನಮ್ಮ ಉದಾಹರಣೆಯ ಒಂದು ಪಿಕ್ಸೆಲ್ ನೋಡೋಣ. ಕೂದಲಿನ ನಿಜವಾದ ಬಣ್ಣ (40, 30, 25), ಅಂದರೆ ಕಪ್ಪಿಗೆ ಹತ್ತಿರದ ಕಂದು. ಹಿಂದೆ ಅಡಿಕೆ ಸೋಗೆಯ ಹಸಿರು (110, 150, 70). ಆಲ್ಫಾ 0.4. ಕ್ಯಾಮೆರಾದಲ್ಲಿ ದಾಖಲಾಗುವ ಬಣ್ಣ (82, 102, 52), ಒಂದು ಮಂಕು ಪಾಚಿ ಹಸಿರು. ಇದನ್ನು ಸಂಜೆಯ ಕಡಲಿನ ಕಿತ್ತಳೆ (240, 170, 110) ಮೇಲೆ ಕೂರಿಸಬೇಕು.

ಸಾದಾ ಮಾಸ್ಕ್ ಈ ಪಿಕ್ಸೆಲನ್ನು ಒಳಗೆ ಸೇರಿಸಿಕೊಂಡರೆ ಪಾಚಿ ಹಸಿರು ಹಾಗೆಯೇ ಕಿತ್ತಳೆಯ ಮೇಲೆ ಬಂದು ಕೂರುತ್ತದೆ. ಹೊರಗಿಟ್ಟರೆ ಆ ಎಳೆಯೇ ಮಾಯವಾಗುತ್ತದೆ. ಆಲ್ಫಾವನ್ನು ಸರಿಯಾಗಿ 0.4 ಎಂದು ಬಳಸಿ, ಬಣ್ಣವನ್ನು ಮಾತ್ರ ಫೋಟೊದಿಂದಲೇ ತೆಗೆದುಕೊಂಡರೆ ಫಲಿತಾಂಶ (177, 143, 87). ಕೂದಲಿನ ನಿಜವಾದ ಬಣ್ಣ ಬಳಸಿದ್ದರೆ ಬರಬೇಕಾಗಿದ್ದದ್ದು (160, 114, 76). ಹಸಿರಿನ ಅಂಕಿ 29ರಷ್ಟು ಏರಿದೆ, ಕೆಂಪು 17, ನೀಲಿ 11 ಮಾತ್ರ. ಹಸಿರು ಹೆಚ್ಚು ಏರಿದ್ದರಿಂದಲೇ ತಲೆಯ ಸುತ್ತ ಪಾಚಿ ಕಟ್ಟಿದಂತೆ ಕಾಣುವುದು. ಮ್ಯಾಟಿಂಗ್ ವಿಫಲವಾಯಿತೆಂದು ಗ್ರಾಹಕರು ದೂರುವ ಹೆಚ್ಚಿನ ಚಿತ್ರಗಳಲ್ಲಿ ಆಲ್ಫಾ ಸರಿಯಾಗಿಯೇ ಇರುತ್ತದೆ, ಈ ಎರಡನೆಯ ಹೆಜ್ಜೆ ಬಿಟ್ಟುಹೋಗಿರುತ್ತದೆ.

ಈ ಹೆಜ್ಜೆಗೆ ಮುನ್ನೆಲೆಯ ಬಣ್ಣ ಅಂದಾಜಿಸುವುದು ಎನ್ನುತ್ತಾರೆ. ಸೂತ್ರವನ್ನು ತಿರುಗಿಸಿ F ಪಡೆಯಬಹುದಲ್ಲ ಎಂದು ಕೇಳಬಹುದು. ಆಲ್ಫಾ ಚೂರು ತಪ್ಪಿದರೂ ಅದು ಕೈಕೊಡುತ್ತದೆ: ಮೇಲಿನ ಪಿಕ್ಸೆಲ್‌ನಲ್ಲಿ ಆಲ್ಫಾ 0.4ರ ಬದಲು 0.3 ಎಂದು ಅಂದಾಜಾದರೆ ಹಸಿರಿನ ಅಂಕಿ −10 ಬರುತ್ತದೆ, ಅಂಥ ಬಣ್ಣವೇ ಇಲ್ಲ. ಆದ್ದರಿಂದ ಒಳ್ಳೆಯ ವಿಧಾನಗಳು ಒಂದೊಂದು ಪಿಕ್ಸೆಲ್ ಹಿಡಿದು ಭಾಗಾಕಾರ ಮಾಡುವುದಿಲ್ಲ. ಅಕ್ಕಪಕ್ಕದ ಕೂದಲಿನ ಬಣ್ಣ ನಿಧಾನವಾಗಿ ಮಾತ್ರ ಬದಲಾಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಪ್ರದೇಶಕ್ಕೆ ಒಟ್ಟಾಗಿ ಉತ್ತರ ಹುಡುಕುತ್ತವೆ.

ಮೊದಲು ಫೋಟೊವನ್ನು ಚಿತ್ರದ ಶೈಲಿಗೆ ಬದಲಾಯಿಸಿ ಆಮೇಲೆ ಕತ್ತರಿಸಬೇಕೇ, ಅಥವಾ ಕತ್ತರಿಸಿದ ಮೇಲೆ ಬದಲಾಯಿಸಬೇಕೇ?

ಎರಡೂ ಅಲ್ಲ. ಈ ಪುಟದಲ್ಲಿ ಒಂದನ್ನೇ ಓದಿ ಹೋಗುವುದಾದರೆ ಈ ಉತ್ತರವನ್ನು ಓದಬೇಕು.

ಮೊದಲು ಶೈಲಿ ಬದಲಾಯಿಸಿದರೆ ಆಗುವುದಿಷ್ಟು. ಚಪ್ಪಟೆ ಬಣ್ಣದ ಶೈಲಿ ಹತ್ತಿರದ ಬಣ್ಣಗಳನ್ನೆಲ್ಲ ಕೆಲವೇ ಮೆಟ್ಟಿಲುಗಳಿಗೆ ಇಳಿಸುತ್ತದೆ. ಕಪ್ಪು ಕೂದಲು ಒಂದು ಮೆಟ್ಟಿಲು, ಹಸಿರು ತೋಟ ಇನ್ನೊಂದು. ನಡುವಿನ ಪಾಚಿ ಬಣ್ಣದ ಪಿಕ್ಸೆಲ್‌ಗಳು ಕೆಲವು ಈ ಕಡೆ, ಕೆಲವು ಆ ಕಡೆ ಜಾರುತ್ತವೆ, ಉಳಿದವು ತಮ್ಮದೇ ಮೂರನೆಯ ಮೆಟ್ಟಿಲಾಗಿ ತಲೆಯ ಸುತ್ತ ಒಂದು ಪಟ್ಟಿ ಕಟ್ಟುತ್ತವೆ. ಅದರ ಮೇಲೆ ಅಂಚಿನ ಗೆರೆ ಎಳೆಯುವ ಫಿಲ್ಟರ್ ಇದ್ದರೆ ಆ ಪಟ್ಟಿಯ ಎರಡೂ ಬದಿಗೆ ಕಪ್ಪು ಗೆರೆ ಬೀಳುತ್ತದೆ. ಮಿಶ್ರಣದ ಪ್ರಮಾಣವನ್ನು ಹೇಳುತ್ತಿದ್ದ ಅಂಕಿಗಳು ಆ ಹೊತ್ತಿಗೆ ಅಳಿಸಿಹೋಗಿರುತ್ತವೆ. ಅದರ ನಂತರ ಯಾವ ಮ್ಯಾಟಿಂಗ್ ಮಾಡಿದರೂ ಅದಕ್ಕೆ ಹಿಡಿಯಲು ಆಧಾರವಿಲ್ಲ.

ಕತ್ತರಿಸಿದ ಮೇಲೆ ಶೈಲಿ ಬದಲಾಯಿಸಿದರೂ ತೊಂದರೆ ತಪ್ಪುವುದಿಲ್ಲ. ಕತ್ತರಿಸಿದ ಆಕೃತಿಯ ಹಿಂದೆ ಬಿಳಿಯೋ ಕಪ್ಪೋ ಇರುತ್ತದೆ. ಬಣ್ಣ ಸವರುವ ಫಿಲ್ಟರ್ ಪ್ರತಿ ಪಿಕ್ಸೆಲ್‌ನ ಸುತ್ತಮುತ್ತ ಐದಾರು ಪಿಕ್ಸೆಲ್ ನೋಡಿ ಬಣ್ಣ ನಿರ್ಧರಿಸುವುದರಿಂದ ಆ ಬಿಳಿಯೋ ಕಪ್ಪೋ ಕೂದಲಿನ ಒಳಕ್ಕೆ ಹರಿದು ಬರುತ್ತದೆ.

ಸರಿಯಾದ ಕ್ರಮ ಇದು. ಮೂಲ ಫೋಟೊದಿಂದಲೇ ಆಲ್ಫಾ ತೆಗೆಯಬೇಕು. ಅದೇ ಫೋಟೊ ಮತ್ತು ಆಲ್ಫಾ ಬಳಸಿ ಮುನ್ನೆಲೆಯ ಬಣ್ಣದ ಪದರವನ್ನು ಅಂದಾಜಿಸಬೇಕು. ಈ ಪದರ ನೋಡಲು ವಿಚಿತ್ರವಾಗಿರುತ್ತದೆ: ಕೂದಲಿನ ಕಂದು ಬಣ್ಣ ತಲೆಯಾಚೆಗೂ, ಸೀರೆಯ ಬಣ್ಣ ಭುಜದಾಚೆಗೂ ಮಂಜಿನಂತೆ ಹರಡಿರುತ್ತದೆ, ತೋಟದ ಹಸಿರು ಎಲ್ಲಿಯೂ ಇರುವುದಿಲ್ಲ. ಕೆಟ್ಟುಹೋಯಿತೆಂದು ಇದನ್ನು ಅಳಿಸಬಾರದು. ನಮಗೆ ಬೇಕಾದದ್ದು ಇದೇ. ಶೈಲಿಯ ಫಿಲ್ಟರನ್ನು ಈ ಪದರಕ್ಕೆ ಹಾಕಬೇಕು. ಕೂದಲು ಮುಗಿಯುವಲ್ಲಿ ಬಣ್ಣದ ದಿಢೀರ್ ಬದಲಾವಣೆಯೇ ಇಲ್ಲದಿರುವುದರಿಂದ ಫಿಲ್ಟರಿಗೆ ಅಲ್ಲಿ ಪಟ್ಟಿ ಕಟ್ಟಲೂ ಗೆರೆ ಎಳೆಯಲೂ ಏನೂ ಸಿಗುವುದಿಲ್ಲ. ಕೊನೆಯಲ್ಲಿ ಆಲ್ಫಾ ಹಾಕಿ ಹೊಸ ಹಿನ್ನೆಲೆಯ ಮೇಲೆ ಕೂರಿಸಬೇಕು.

ಒಂದು ಷರತ್ತಿದೆ. ಶೈಲಿ ಬಣ್ಣವನ್ನಷ್ಟೇ ಬದಲಾಯಿಸುತ್ತಿದ್ದರೆ ಈ ಕ್ರಮ ಹಾಗೆಯೇ ನಡೆಯುತ್ತದೆ. ವ್ಯಂಗ್ಯಚಿತ್ರದಂತೆ ತಲೆ ದೊಡ್ಡದಾಗಿ, ಮೈ ಚಿಕ್ಕದಾಗಿ ಆಕಾರವೇ ಬದಲಾಗುವುದಾದರೆ ಬಣ್ಣದ ಪದರಕ್ಕೆ ಮಾಡಿದ ಅದೇ ಎಳೆತ, ಅದೇ ಅಳತೆಯಲ್ಲಿ ಆಲ್ಫಾಗೂ ಆಗಬೇಕು. ಎರಡನ್ನೂ ಒಂದೇ ಗುಂಪಿಗೆ ಹಾಕಿ ಒಟ್ಟಿಗೆ ಎಳೆಯುವುದು ಸುರಕ್ಷಿತ. ಕೂದಲಿನ ವಿನ್ಯಾಸವನ್ನೇ ಹೊಸದಾಗಿ ಬರೆಯುವ ಶೈಲಿಯಾದರೆ ಫೋಟೊದ ಆಲ್ಫಾ ಅದಕ್ಕೆ ಹೊಂದುವುದೇ ಇಲ್ಲ; ಅಂಥ ಚಿತ್ರವನ್ನು ಮೊದಲಿನಿಂದಲೇ ಒಂದೇ ಬಣ್ಣದ ಖಾಲಿ ಹಿನ್ನೆಲೆಯ ಮೇಲೆ ಬರೆಯಿಸಿ ಅದರಿಂದ ಹೊಸ ಆಲ್ಫಾ ತೆಗೆಯಬೇಕು.

ಟ್ರೈಮ್ಯಾಪ್ ಎಂದರೇನು? ಅದನ್ನು ಹೇಗೆ ಬರೆಯಬೇಕು?

ಏಳು ಅಜ್ಞಾತಗಳ ಲೆಕ್ಕಕ್ಕೆ ಹೊರಗಿನ ಸುಳಿವು ಬೇಕು ಎಂದೆವಲ್ಲ, ಆ ಸುಳಿವೇ ಟ್ರೈಮ್ಯಾಪ್. ಫೋಟೊದಷ್ಟೇ ಗಾತ್ರದ ಈ ಚಿತ್ರದಲ್ಲಿ ಮೂರೇ ಬಣ್ಣ: ಖಂಡಿತವಾಗಿ ವ್ಯಕ್ತಿ ಎನ್ನಬಹುದಾದಲ್ಲಿ ಬಿಳಿ, ಖಂಡಿತವಾಗಿ ಹಿನ್ನೆಲೆ ಎನ್ನಬಹುದಾದಲ್ಲಿ ಕಪ್ಪು, ಗೊತ್ತಿಲ್ಲದಲ್ಲಿ ಬೂದು. ಬೂದಿನ ಜಾಗದಲ್ಲಿ ಮಾತ್ರ ಲೆಕ್ಕ ನಡೆಯುತ್ತದೆ.

ಬೂದು ಪಟ್ಟಿಯ ಅಗಲ ಎಲ್ಲ ಕಡೆ ಒಂದೇ ಇರಬಾರದು. ಭುಜ, ತೋಳು, ಸೀರೆಯ ಅಂಚಿಗೆ ಐದಾರು ಪಿಕ್ಸೆಲ್ ಸಾಕು. ಎಣ್ಣೆ ಹಚ್ಚಿ ಬಾಚಿದ ನೆತ್ತಿಗೆ ಇಪ್ಪತ್ತರ ಆಸುಪಾಸು. ಗುಂಗುರು ಹಾರುವ ಬದಿಗಳಲ್ಲಿ ಅತ್ಯಂತ ದೂರಕ್ಕೆ ಹೋದ ಎಳೆಯ ತುದಿಯನ್ನೂ ಒಳಗೊಳ್ಳುವಷ್ಟು, ನಮ್ಮ ಅಳತೆಯ ಫೋಟೊದಲ್ಲಿ ಸುಮಾರು ನೂರು ಪಿಕ್ಸೆಲ್. ಬೂದು ಎಳೆಯ ತುದಿಗಿಂತ ಒಳಗೇ ನಿಂತರೆ ಆ ಎಳೆ ಕಪ್ಪಿನೊಳಗೆ ಸೇರಿ ಕೂದಲನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಬೂದು ಅನಗತ್ಯವಾಗಿ ಅಗಲವಾದರೆ ಹಿಂದಿನ ಸೋಗೆಯ ನೆರಳುಗೆರೆಯನ್ನೂ ಕೂದಲೆಂದು ಭ್ರಮಿಸಿ ಅಲ್ಲಲ್ಲಿ ಮಂಕು ಕಲೆಗಳು ಏಳುತ್ತವೆ.

ಬಿಳಿಯ ಜಾಗಕ್ಕೆ ಹೆಚ್ಚು ಗಮನ ಬೇಕು. ಅಲ್ಲಿ ಒಂದೇ ಒಂದು ಹಸಿರು ಚುಕ್ಕೆ ಸೇರಿದರೂ ಹಸಿರೂ ಕೂದಲಿನ ಬಣ್ಣವೇ ಎಂದು ಲೆಕ್ಕ ನಂಬಿಬಿಡುತ್ತದೆ. ಜುಮುಕಿಯ ಮತ್ತು ಕುತ್ತಿಗೆಯ ನಡುವಿನ ಸಂದು, ಜಡೆಯ ಮತ್ತು ಭುಜದ ನಡುವಿನ ಸಂದು, ಕೈ ಸೊಂಟದ ಮೇಲಿದ್ದರೆ ಅಲ್ಲಿ ಬೀಳುವ ಕಿಂಡಿ, ಇವು ಸಾಮಾನ್ಯವಾಗಿ ತಪ್ಪಿಹೋಗುವ ಜಾಗಗಳು. ಮುಡಿದ ಮಲ್ಲಿಗೆ ಅಥವಾ ಸುರಂಗಿ ದಂಡೆಯ ಮಧ್ಯಭಾಗ ಬಿಳಿಯಲ್ಲಿಯೇ ಇರಲಿ, ಅದರ ಹೊರ ಅಂಚು ಮಾತ್ರ ಬೂದಿಗೆ ಬರಲಿ. ದಂಡೆಯನ್ನು ಪೂರ್ತಿ ಬೂದಿನಲ್ಲಿ ಬಿಟ್ಟರೆ, ಸುತ್ತ ಬಿಳಿ ಎಂದು ಗುರುತಿಸಿದ್ದೆಲ್ಲ ಕಪ್ಪು ಕೂದಲೇ ಆಗಿರುವುದರಿಂದ, ಹೂವು ಹಿನ್ನೆಲೆಗೆ ಸೇರಿ ಅರೆಪಾರದರ್ಶಕವಾಗುವುದುಂಟು.

ಯಾವ ತಂತ್ರಾಂಶ ಬಳಸಬೇಕು?

ಕೈಯಲ್ಲಿ ಯಾವುದು ಇದೆಯೋ ಅದು. ಉಚಿತವಾಗಿ ಸಿಗುವ ಜಿಂಪ್‌ನಲ್ಲಿ `Foreground Select` ಎಂಬ ಉಪಕರಣವಿದೆ. ಆಕೃತಿಯ ಸುತ್ತ ಒರಟಾಗಿ ಗೆರೆ ಎಳೆದು, ಒಳಗಿನ ಖಚಿತ ಜಾಗವನ್ನು ಕುಂಚದಿಂದ ತೀಡಿ, ಅದರ ಎಂಜಿನ್ ಆಯ್ಕೆಯಲ್ಲಿ `Matting Levin` ಇಟ್ಟರೆ ಅದು ನಡೆಸುವುದು ಟ್ರೈಮ್ಯಾಪ್‌ನ ಲೆಕ್ಕವನ್ನೇ. ಆನಾತ್ ಲೆವಿನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಧಾನ ಅದರ ಹಿಂದಿದೆ. ಆದರೆ ಅದು ಕೊಡುವುದು ಆಲ್ಫಾವನ್ನು ಮಾತ್ರ. ಬಣ್ಣದ ಪದರವನ್ನು ನಾವೇ ಮಾಡಿಕೊಳ್ಳಬೇಕು. ಫೋಟೊಶಾಪ್‌ನ `Select and Mask` ಒಳಗಿನ `Decontaminate Colors` ಬಣ್ಣವನ್ನೂ ತಕ್ಕಮಟ್ಟಿಗೆ ಶುದ್ಧಮಾಡಿ ಹೊಸ ಪದರದಲ್ಲಿ ಕೊಡುತ್ತದೆ.

ಪೈಥಾನ್ ಬಲ್ಲವರಿಗೆ `pymatting` ಗ್ರಂಥಾಲಯದಲ್ಲಿ ಎರಡೂ ಹೆಜ್ಜೆಗಳು ಸಿದ್ಧವಾಗಿವೆ:

```python
from pymatting import (load_image, save_image,
    estimate_alpha_cf, estimate_foreground_ml)

img = load_image("photo.png", "RGB")
tri = load_image("trimap.png", "GRAY")
alpha = estimate_alpha_cf(img, tri)
fg = estimate_foreground_ml(img, alpha)
save_image("alpha.png", alpha)
save_image("fg.png", fg)
```

ಶೈಲಿಯ ಫಿಲ್ಟರ್ ಹಾಕಬೇಕಾದದ್ದು `fg.png` ಕಡತಕ್ಕೆ. ಫೋಟೊ ತೀರಾ ದೊಡ್ಡದಾದರೆ ಈ ಲೆಕ್ಕ ಬಹಳ ಮೆಮೊರಿ ತಿನ್ನುತ್ತದೆ. ತಲೆಯ ಭಾಗವನ್ನಷ್ಟೇ ಕತ್ತರಿಸಿ ಕೊಟ್ಟು, ಮೈಗೆ ಸಾದಾ ಮಾಸ್ಕ್ ಬಳಸಿ, ಎರಡನ್ನೂ ಕುತ್ತಿಗೆಯ ಕೆಳಗೆ ಸೇರಿಸಬಹುದು.

ಟ್ರೈಮ್ಯಾಪ್ ಕೇಳದೆ ಒಂದೇ ಗುಂಡಿಯಲ್ಲಿ ಹಿನ್ನೆಲೆ ತೆಗೆಯುವ ಸೇವೆಗಳೂ ಇವೆ. ಸರಳ ಹಿನ್ನೆಲೆ, ಬಾಚಿದ ಕೂದಲಿಗೆ ಅವು ಸಾಕು. ಅಡಿಕೆ ತೋಟ ಮತ್ತು ಗುಂಗುರು ಕೂದಲು ಒಟ್ಟಿಗೆ ಬಂದಾಗ ಅವುಗಳ ಫಲಿತಾಂಶವನ್ನು ಅಂತಿಮ ಎಂದು ಒಪ್ಪದೆ, ಟ್ರೈಮ್ಯಾಪ್ ಬರೆಯುವ ಮೊದಲ ಕರಡಾಗಿ ಬಳಸುವುದು ಹೆಚ್ಚು ಉಪಯುಕ್ತ.

ಬಣ್ಣ ಶುದ್ಧಮಾಡುವ ಉಪಕರಣ ಇಲ್ಲದಿದ್ದರೆ ಕೈಯಿಂದ ಮಾಡಲು ಬರುತ್ತದೆಯೇ?

ಬರುತ್ತದೆ, ಚಪ್ಪಟೆ ಶೈಲಿಗಂತೂ ಚೆನ್ನಾಗಿಯೇ ಬರುತ್ತದೆ. ಫೋಟೊದ ಪದರಕ್ಕೆ ಆಲ್ಫಾವನ್ನು ಮಾಸ್ಕ್ ಆಗಿ ಹಾಕಿದ ಮೇಲೆ, ಮಾಸ್ಕನ್ನು ಮುಟ್ಟದೆ ಚಿತ್ರದ ಮೇಲೆಯೇ ಮೆತ್ತನೆಯ ದೊಡ್ಡ ಕುಂಚದಿಂದ ಕೂದಲಿನ ಬಣ್ಣ ಹಚ್ಚಬೇಕು. ಬಣ್ಣವನ್ನು ಅಂಚಿಗೆ ಹತ್ತಿರದ ಗಟ್ಟಿ ಕೂದಲಿನಿಂದ ಆರಿಸಿಕೊಳ್ಳಬೇಕು. ನೆತ್ತಿಯ ಹೊಳಪಿನ ಬಣ್ಣ ಒಂದು, ಕಿವಿಯ ಹಿಂದಿನ ನೆರಳಿನ ಬಣ್ಣ ಇನ್ನೊಂದು, ಹೀಗೆ ಮೂರು ನಾಲ್ಕು ಕಡೆ ಬದಲಾಯಿಸುತ್ತ ಹೋದರೆ ಸಾಕು. ಎಳೆಗಳ ಆಕಾರವನ್ನು ಮಾಸ್ಕ್ ನೋಡಿಕೊಳ್ಳುವುದರಿಂದ ಕುಂಚ ಆಚೀಚೆ ಹೋದರೂ ಚಿಂತೆಯಿಲ್ಲ.

ಚಪ್ಪಟೆ ಬಣ್ಣದ ಚಿತ್ರದಲ್ಲಿ ಒಂದೊಂದು ಎಳೆಯೂ ಉಳಿಯಬೇಕೇ?

ಬೇಡ. ಇದು ರುಚಿಯ ಪ್ರಶ್ನೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಇದಕ್ಕೆ ಸ್ಪಷ್ಟ ಉತ್ತರವಿದೆ. ಮುಖದಲ್ಲಿ ನಾಲ್ಕೇ ಬಣ್ಣಗಳಿದ್ದು ತಲೆಯ ಸುತ್ತ ಮಾತ್ರ ಫೋಟೊದಷ್ಟು ಸೂಕ್ಷ್ಮ ಎಳೆಗಳಿದ್ದರೆ, ಎರಡು ಬೇರೆ ಚಿತ್ರಗಳನ್ನು ಅಂಟಿಸಿದಂತೆ ಕಾಣುತ್ತದೆ. ಅಂಚಿನ ಸೂಕ್ಷ್ಮತೆ ಒಳಗಿನ ಸೂಕ್ಷ್ಮತೆಗೆ ಹೊಂದಬೇಕು.

ಇದಕ್ಕಾಗಿ ಆಲ್ಫಾದ ಮೇಲೆ ಲೆವೆಲ್ಸ್ ಹೊಂದಿಸಬೇಕು. 0.2ಕ್ಕಿಂತ ಕೆಳಗಿನದನ್ನೆಲ್ಲ 0 ಮಾಡಿ, 0.8ಕ್ಕಿಂತ ಮೇಲಿನದನ್ನೆಲ್ಲ 1 ಮಾಡಿ, ನಡುವಿನದನ್ನು ಸಮನಾಗಿ ಹರಡಿದರೆ ಬಿಡಿಬಿಡಿಯಾಗಿ ಹಾರುವ ತೆಳು ಎಳೆಗಳು ಹೋಗಿ, ಗುಂಗುರಿನ ಸುರುಳಿಗಳು ಸ್ಪಷ್ಟವಾಗಿ ಉಳಿಯುತ್ತವೆ. ನಮ್ಮ ಪಿಕ್ಸೆಲ್‌ನ 0.4 ಆಗ 0.33 ಆಗುತ್ತದೆ, 0.15 ಇದ್ದದ್ದು ಮಾಯವಾಗುತ್ತದೆ. ಜಲವರ್ಣದಂಥ ಮೃದು ಶೈಲಿಗೆ ಇಷ್ಟು ಬಿಗಿ ಬೇಡ, ಕೆಳಗಿನ ಮಿತಿಯನ್ನು 0.05ರ ಹತ್ತಿರ ಇಟ್ಟರಾಯಿತು. ಅಂಚನ್ನು ಮೊದಲಿನಿಂದಲೇ ಗಟ್ಟಿ ಮಾಸ್ಕ್‌ನಲ್ಲಿ ಕತ್ತರಿಸಿದರೂ ಇದೇ ಬರುವುದಿಲ್ಲವೇ ಎಂಬ ಸಂದೇಹ ಸಹಜ. ಬರುವುದಿಲ್ಲ: ಗಟ್ಟಿ ಮಾಸ್ಕ್ ಸುರುಳಿಗಳ ನಡುವಿನ ಸಂದುಗಳನ್ನು ಹಸಿರಿನ ಸಮೇತ ಒಳಗೆ ಸೇರಿಸಿಕೊಂಡಿರುತ್ತದೆ.

ಚಿತ್ರಕ್ಕೆ ಹೊರಗೆರೆ ಬೇಕಿದ್ದರೆ ಅದನ್ನು ಫೋಟೊದಿಂದ ತೆಗೆಯದೆ, ಹೀಗೆ ಸರಳಗೊಳಿಸಿದ ಆಲ್ಫಾ 0.5 ದಾಟುವ ಜಾಗದ ಗುಂಟ ಎಳೆಯಬೇಕು.

ಫಲಿತಾಂಶ ಸರಿಯಾಗಿದೆ ಎಂದು ಹೇಗೆ ತಿಳಿಯುವುದು?

ಅಂತಿಮ ಹಿನ್ನೆಲೆಯ ಮೇಲೆ ನೋಡಿ ತೃಪ್ತಿಪಡಬಾರದು. ಸಂಜೆಯ ಕಡಲು ಬಹಳ ದೋಷಗಳನ್ನು ಮುಚ್ಚಿಬಿಡುತ್ತದೆ, ನಾಳೆ ಗ್ರಾಹಕರು ಬಿಳಿ ಹಿನ್ನೆಲೆ ಕೇಳಿದಾಗ ಅವು ಹೊರಬೀಳುತ್ತವೆ. ಆಕೃತಿಯನ್ನು ಒಮ್ಮೆ ಅಚ್ಚ ಬಿಳಿ, ಒಮ್ಮೆ ಅಚ್ಚ ಕಪ್ಪು, ಒಮ್ಮೆ ಕಡು ಗುಲಾಬಿಯ ಮೇಲೆ ಇಟ್ಟು 200 ಶೇಕಡ ಹಿಗ್ಗಿಸಿ ನೋಡಬೇಕು. ಕಪ್ಪಿನ ಮೇಲೆ ಹಸಿರು ಅಥವಾ ತಿಳಿ ಪ್ರಭಾವಳಿ ಕಂಡರೆ ಬಣ್ಣದ ಹೆಜ್ಜೆ ತಪ್ಪಿದೆ. ಬಿಳಿಯ ಮೇಲೆ ತಲೆಯಿಂದ ದೂರದಲ್ಲಿ ಮಂಕು ಕಲೆಗಳಿದ್ದರೆ ಬೂದು ಪಟ್ಟಿ ಅಗಲವಾಗಿದೆ. ಗುಲಾಬಿ ಬಣ್ಣ ಮುಖ ಅಥವಾ ಸೀರೆಯ ಒಳಗಿನಿಂದ ಇಣುಕಿದರೆ ಅಲ್ಲಿ ಆಲ್ಫಾ 1 ಆಗಿಲ್ಲ, ಟ್ರೈಮ್ಯಾಪ್‌ನ ಬಿಳಿಯನ್ನು ಹಿಗ್ಗಿಸಬೇಕು. ಹೊರಗೆ ತೇಲುವ, ತಲೆಗೆ ಅಂಟಿಕೊಳ್ಳದ ತುಂಡು ಎಳೆಗಳನ್ನು ಅಳಿಸಿಹಾಕುವುದೇ ಮೇಲು.

ಹೊಸ ಹಿನ್ನೆಲೆಯ ಮೇಲೆ ಕೂದಲು ಮೊದಲಿಗಿಂತ ದಪ್ಪವಾಗಿಯೋ ತೆಳ್ಳಗೋ ಕಂಡರೆ ಕಾರಣ ಬೇರೆ. ಕಪ್ಪು ಮತ್ತು ಬಿಳಿಯನ್ನು ಅರ್ಧರ್ಧ ಬೆರೆಸಿದಾಗ, ಕಡತದ ಅಂಕಿಗಳನ್ನೇ ನೇರ ಬೆರೆಸುವ ತಂತ್ರಾಂಶದಲ್ಲಿ 128 ಬರುತ್ತದೆ; ಬೆಳಕಿನ ನಿಜವಾದ ಪ್ರಮಾಣಕ್ಕೆ ಬದಲಾಯಿಸಿ ಬೆರೆಸುವುದರಲ್ಲಿ 188. ಆಲ್ಫಾ ತೆಗೆದದ್ದು ಒಂದು ಬಗೆಯಲ್ಲಿ, ಕೂರಿಸಿದ್ದು ಇನ್ನೊಂದು ಬಗೆಯಲ್ಲಿ ಆದರೆ ಕಪ್ಪು ಕೂದಲಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡೂ ಕಡೆ ಒಂದೇ ಬಗೆ ಇರಲಿ.

ಕೆಲವು ಫೋಟೊಗಳಲ್ಲಿ ಏನು ಮಾಡಿದರೂ ಕೂದಲು ಸರಿಯಾಗುವುದಿಲ್ಲ. ಅವುಗಳನ್ನು ಮೊದಲೇ ಗುರುತಿಸಬಹುದೇ?

ಬಹಳಮಟ್ಟಿಗೆ ಗುರುತಿಸಬಹುದು. ಕರಾವಳಿಯಲ್ಲಿ ಹೆಚ್ಚು ಸಿಗುವುದು ಬಿಳಿ ಆಕಾಶದ ಸಮಸ್ಯೆ. ಮೋಡ ಕವಿದ ಮಧ್ಯಾಹ್ನ ಕಡಲಿಗೆ ಬೆನ್ನು ಮಾಡಿ ನಿಂತವರ ಹಿಂದೆ ಆಕಾಶ 255ಕ್ಕೆ ಮುಟ್ಟಿ ನಿಂತಿರುತ್ತದೆ, ನಿಜವಾದ ಬೆಳಕು ಅದಕ್ಕಿಂತಲೂ ಹೆಚ್ಚು. ತೆಳು ಎಳೆ ಆ ಬೆಳಕನ್ನು ಸ್ವಲ್ಪ ತಡೆದರೂ ಅಂಕಿ 255ರ ಹತ್ತಿರವೇ ಉಳಿಯುವುದರಿಂದ ಎಳೆ ಇಲ್ಲವೇ ಇಲ್ಲ ಎಂದು ದಾಖಲಾಗುತ್ತದೆ. ಕ್ಯಾಮೆರಾದಲ್ಲಿಯೇ ಕಳೆದುಹೋದದ್ದನ್ನು ಮ್ಯಾಟಿಂಗ್ ಮರಳಿ ತರುವುದಿಲ್ಲ. ಇದಕ್ಕೆ ವಿರುದ್ಧವಾಗಿ ಕಪ್ಪು ಕೂದಲಿನ ಹಿಂದೆ ಕಾಡಿನ ಕಡು ನೆರಳು ಇದ್ದರೆ F ಮತ್ತು B ಒಂದೇ ಆಗಿ, ಆಲ್ಫಾ ಎಷ್ಟಿದ್ದರೂ ಸಮೀಕರಣ ಸರಿಹೊಂದುತ್ತದೆ, ಅಂದರೆ ಉತ್ತರವೇ ಇಲ್ಲ. ಅಂಥಲ್ಲಿ ಶೈಲೀಕೃತ ಚಿತ್ರಕ್ಕೆ ಕೂದಲಿನ ಹೊರಗೆರೆಯನ್ನು ಕೈಯಿಂದಲೇ ಬರೆಯುವುದು ಬೇಗ ಮುಗಿಯುವ ದಾರಿ.

ಮೊಬೈಲ್‌ನ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದ ಫೋಟೊದಲ್ಲಿ ಫೋನ್ ಆಗಲೇ ಒಮ್ಮೆ ಕೂದಲನ್ನು ಕತ್ತರಿಸಿ ಹಿನ್ನೆಲೆಯನ್ನು ಮಸುಕಾಗಿಸಿರುತ್ತದೆ. ಅದರ ತಪ್ಪುಗಳು ನಮ್ಮ ತಲೆಗೆ ಬರುತ್ತವೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಬಂದದ್ದು ಕುಗ್ಗಿ, ಒತ್ತಿ ಬಂದಿರುತ್ತದೆ. ಹೀಗೆ ಒತ್ತಿದ ಜೆಪೆಗ್ ಕಡತಗಳಲ್ಲಿ ಸಾಮಾನ್ಯವಾಗಿ ಬಣ್ಣದ ಮಾಹಿತಿ ಅರ್ಧ ಸೂಕ್ಷ್ಮತೆಯಲ್ಲಿ ಮಾತ್ರ ಉಳಿದಿರುತ್ತದೆ. ಎಳೆಯ ಕಪ್ಪು ಒಂದು ಪಿಕ್ಸೆಲ್‌ನಲ್ಲಿದ್ದರೆ ಹಿನ್ನೆಲೆಯ ಹಸಿರು ಪಕ್ಕದ ಪಿಕ್ಸೆಲ್‌ಗೂ ಹರಡಿರುತ್ತದೆ. ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಗ್ರಾಹಕರಿಗೆ ಹೇಳಬೇಕು.

ಫೋಟೊ ಹೊಸದಾಗಿ ತೆಗೆಯುವ ಅವಕಾಶವಿದ್ದರೆ ಏನು ಮಾಡಬೇಕು?

ಕೂದಲಿಗಿಂತ ಸ್ಪಷ್ಟವಾಗಿ ತಿಳಿಯಾದ, ಆದರೆ ಬಿಳಿಯಲ್ಲದ ಬೂದು ಗೋಡೆಯಿಂದ ಎರಡು ಮೀಟರ್ ಮುಂದೆ ನಿಲ್ಲಿಸಿ ತೆಗೆದರೆ ಮೇಲಿನ ತೊಂದರೆಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ. ಹಸಿರು ಪರದೆ ಬೇಡ. ಅದರ ಹಸಿರು ಕೂದಲಿನ ಹೊಳಪಿನ ಮೇಲೂ ಬೀಳುತ್ತದೆ. ಕಡಲತೀರದಲ್ಲಿಯೇ ತೆಗೆಯಬೇಕೆಂದರೆ ಗಾಳಿಗೆ ಹಾರುವ ಕೂದಲು ಮಸುಕಾಗದಂತೆ ಶಟರ್ ವೇಗ 1/500 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ಬೆಳಕು ಬರುವ ದಿಕ್ಕು ಹೊಸ ಹಿನ್ನೆಲೆಯ ಸೂರ್ಯನ ದಿಕ್ಕಿಗೆ ಹೊಂದಿದರೆ ಆಮೇಲಿನ ಬಹಳ ತಿದ್ದುಪಡಿ ಉಳಿಯುತ್ತದೆ: ಕಾರವಾರದಲ್ಲಿ ಸೂರ್ಯ ಕಡಲಿಗೇ ಇಳಿಯುವುದರಿಂದ ಸಂಜೆಯ ಕಡಲನ್ನು ಹಿಂದಿಟ್ಟುಕೊಂಡ ಆಕೃತಿಗೆ ಕೂದಲಿನ ಹಿಂಬದಿಯಿಂದ ಬೆಳಕು ಬರಬೇಕು, ಮುಖದ ಮೇಲೆ ನೇರ ಬಿಸಿಲು ಇರಬಾರದು.

ನನ್ನ ಪರದೆಯಲ್ಲಿ ಸರಿಯಾಗಿದ್ದ ಚಿತ್ರ ಮುದ್ರಣದವರ ಬಳಿ ಹೋದ ಮೇಲೆ ಕೂದಲಿನ ಸುತ್ತ ಕಪ್ಪು ಗೆರೆ ಬಂದಿದೆ. ಏಕೆ?

ಪಾರದರ್ಶಕ ಚಿತ್ರದ ಬಣ್ಣವನ್ನು ಎರಡು ಬಗೆಯಲ್ಲಿ ಉಳಿಸಬಹುದು: ಬಣ್ಣವನ್ನು ಹಾಗೆಯೇ ಇಟ್ಟು ಆಲ್ಫಾವನ್ನು ಬೇರೆಯಾಗಿಡುವುದು ಒಂದು, ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಡುವುದು ಇನ್ನೊಂದು. ಗುಣಿಸಿದ್ದನ್ನು ಗುಣಿಸಿಲ್ಲವೆಂದು ತಿಳಿದು ಮತ್ತೊಮ್ಮೆ ಗುಣಿಸಿದರೆ ಅರೆಪಾರದರ್ಶಕ ಪಿಕ್ಸೆಲ್‌ಗಳೆಲ್ಲ ಕಪ್ಪಾಗುತ್ತವೆ. ನಮ್ಮ ಪಿಕ್ಸೆಲ್‌ನಲ್ಲಿ ಕೂದಲಿನ ಪಾಲು (16, 12, 10) ಆಗಿರಬೇಕಾದದ್ದು (6, 5, 4) ಆಗುತ್ತದೆ; ಕಪ್ಪು ಕೂದಲಿನಲ್ಲಿ ಇದು ಅಷ್ಟಾಗಿ ತಿಳಿಯದಿದ್ದರೂ ಮಲ್ಲಿಗೆ ದಂಡೆಯ ಅಂಚಿನಲ್ಲಿ ಮಸಿ ಬಳಿದಂತೆ ಕಾಣುತ್ತದೆ. ಪಿಎನ್‌ಜಿ ಕಡತದಲ್ಲಿ ಬಣ್ಣ ಗುಣಿಸದೆಯೇ ಇರಬೇಕೆಂಬ ನಿಯಮವಿರುವುದರಿಂದ ಆ ರೂಪದಲ್ಲಿ ಕೊಟ್ಟರೆ ಗೊಂದಲ ಕಡಿಮೆ. ಬ್ಯಾನರಿನ ಹಿನ್ನೆಲೆ ಈಗಾಗಲೇ ನಿರ್ಧಾರವಾಗಿದ್ದರೆ ಇನ್ನೂ ಸರಳವಾದ ದಾರಿ, ನಾವೇ ಕಡಲಿನ ಮೇಲೆ ಕೂರಿಸಿ ಪಾರದರ್ಶಕತೆಯಿಲ್ಲದ ಒಂದೇ ಚಿತ್ರವಾಗಿ ಕಳಿಸುವುದು.